ಈಳಿಗೆಯ ತುಕ್ಕು, ಬಾಯಿ ಕೆಡದಂತೆ

ಮಳೆಗಾಲ ಮುಗಿದ ಮೇಲೆ ಅಟ್ಟದಿಂದ ಇಳಿಸಿದ ಈಳಿಗೆಮಣೆಯ ಅಲಗು ಕೆಂಪಗಾಗಿತ್ತು. ಹುಣಸೆಹಣ್ಣಿನ ನೀರಲ್ಲಿ ರಾತ್ರಿಯಿಡೀ ನೆನೆಸಿಡುವುದು ನಮ್ಮ ಮನೆಯ ಹಳೆಯ ಉಪಾಯ. ತುಕ್ಕೇನೋ ಹೋಗುತ್ತದೆ, ಆದರೆ ಹುಳಿ ಅಲ್ಲಿಗೇ ನಿಲ್ಲದೆ ಕಬ್ಬಿಣವನ್ನೂ ತಿನ್ನುತ್ತದೆ. ಅಲಗಿನ ಬಾಯಿ ತೀರಾ ತೆಳು, ಆದ್ದರಿಂದ ಮೊದಲು ಕೆಡುವುದೂ ಅದೇ.

ಈ ಸಲ ಮೊದಲು ಅಲಗಿಗೆ ಕೊಬ್ಬರಿ ಎಣ್ಣೆ ಸವರಿ ಒಂದು ಗಂಟೆ ಬಿಟ್ಟೆ. ಆಮೇಲೆ ಸಣ್ಣ ಉಕ್ಕಿನ ನಾರಿನಿಂದ ಬೆನ್ನಿನ ಕಡೆಯಿಂದ ಬಾಯಿಯತ್ತ ಮೆಲ್ಲಗೆ ಉಜ್ಜಿದೆ. ಬಾಯಿಯ ಮೇಲೆ ಅಡ್ಡಡ್ಡ ಉಜ್ಜಿದರೆ ಹರಿತ ಹೋಗುತ್ತದೆ, ಬೆರಳೂ ಕುಯ್ಯುತ್ತದೆ. ಉಳಿದ ಮೊಂಡು ಕಲೆಗಳ ಮೇಲೆ ಮಾತ್ರ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಹಾಕಿದೆ, ಬಾಯಿಗೆ ತಾಕದಂತೆ. ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತಿರಬೇಕು. ಕೆಂಪು ಮೆತ್ತಗಾಗಿ ಒರೆಸಿದರೆ ಬರುವಂತಾದಾಗ ಸಾಕು. ತಕ್ಷಣ ಅಡುಗೆ ಸೋಡಾ ಕದಡಿದ ನೀರಲ್ಲಿ ತೊಳೆದು, ಒರೆಸಿ, ಒಲೆಯ ಬಳಿ ಬೆಚ್ಚಗೆ ಒಣಗಿಸಿ, ತೆಳುವಾಗಿ ಎಣ್ಣೆ ಹಚ್ಚಿದೆ. ತೇವ ಉಳಿದರೆ ಗಂಟೆಯೊಳಗೆ ಕಿತ್ತಳೆ ಬಣ್ಣ ಮತ್ತೆ ಮೂಡುತ್ತದೆ.

ಒಂದು ಕಪ್ಪು ಚುಕ್ಕೆ ಹೋಗಲಿಲ್ಲ. ಉಗುರು ಎಳೆದಾಗ ಸಿಕ್ಕಿಕೊಂಡಿತು, ಅಂದರೆ ಅದು ಕುಳಿ. ಅಲಗಿನ ನಡುವೆ ಇದ್ದುದರಿಂದ ಬಿಟ್ಟೆ. ಬಾಯಲ್ಲೇ ಇದ್ದಿದ್ದರೆ ಸಾಣೆಗೆ ಕೊಟ್ಟು, ಆ ಕುಳಿ ಮಾಯವಾಗುವವರೆಗೆ ಬಾಯಿಯನ್ನು ತೇಯಿಸಬೇಕಿತ್ತು.