‘ಎಕ್ಸ್‌ಪೆಕ್ಟೆಡ್ ಎಷ್ಟು?’ ಎಂದು ಮೊದಲ ಮೆಸೇಜಿನಲ್ಲೇ ಕೇಳಿದರೆ

ಕಳೆದ ವರ್ಷ ಒಂದು ಸಂಜೆ ಅಕ್ಕನ ಮಗಳು ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಬೆಂಗಳೂರಿನ ಒಂದು ಕಂಪನಿಯಲ್ಲಿ ನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಾಳೆ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬ ರಿಕ್ರೂಟರ್ ನಮಸ್ಕಾರದ ಬೆನ್ನಿಗೇ ನಾಲ್ಕು ಸಾಲು ಕಳಿಸಿದ್ದ: ಒಟ್ಟು ಅನುಭವ, ಈಗಿನ ಸಿಟಿಸಿ, ನಿರೀಕ್ಷೆಯ ಸಿಟಿಸಿ, ನೋಟಿಸ್ ಪೀರಿಯಡ್. ಪ್ರತಿಯೊಂದರ ಮುಂದೆಯೂ ಖಾಲಿ ಜಾಗ. “ಚಿಕ್ಕಮ್ಮಾ, ಸಂಬಳದ್ದು ಈಗಲೇ ಹೇಳಬಾರದು ಅಂತಾರಲ್ಲ, ಏನಂತ ಬರೀಲಿ?” ಎಂದಳು.

ನಾನು ಹತ್ತು ವರ್ಷ ಇಂಥ ಮೆಸೇಜುಗಳನ್ನು ಕಳಿಸುವ ಕಡೆ ಕೂತವಳು. ಅವಳು ಕೇಳಿಸಿಕೊಂಡಿದ್ದ ಸಲಹೆ ಪೂರ್ತಿ ಸುಳ್ಳೇನಲ್ಲ. ಆದರೆ ಅದನ್ನು ಹಾಗೇ ಪಾಲಿಸಲು ಹೋಗಿ ಒಳ್ಳೆಯ ಕೆಲಸ ಕೈತಪ್ಪಿಸಿಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ.

“ಮೊದಲು ಸಂಖ್ಯೆ ಹೇಳಿದವರು ಸೋತಂತೆ” ಎನ್ನುವುದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ಇದರ ಹಿಂದೆ ಒಂದು ನಿಜವಿದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಪ್ರಯೋಗದ ವಿವರವಿದೆ. ಅಂಕಿಗಳಿದ್ದ ಚಕ್ರವೊಂದನ್ನು ಜನರ ಮುಂದೆ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಎಂದು ಅಂದಾಜು ಕೇಳಿದರು. ಚಕ್ರ 10ರಲ್ಲಿ ನಿಂತಾಗ ಬಂದ ಅಂದಾಜು 25ರ ಆಸುಪಾಸು, 65ರಲ್ಲಿ ನಿಂತಾಗ 45ರ ಆಸುಪಾಸು. ಏನೂ ಸಂಬಂಧವಿಲ್ಲದ ಅಂಕಿಯೂ ಮೊದಲು ಕಿವಿಗೆ ಬಿದ್ದರೆ ಮನಸ್ಸನ್ನು ತನ್ನತ್ತ ಎಳೆಯುತ್ತದೆ.

ಈಗ ಆ ನಾಲ್ಕು ಸಾಲುಗಳನ್ನು ಮತ್ತೆ ನೋಡಿ. ನಮ್ಮಲ್ಲಿ ನಿರೀಕ್ಷೆಯ ಸಂಬಳಕ್ಕಿಂತ ಮೊದಲು ಕೇಳುವುದು ಈಗಿನ ಸಂಬಳ. ಅದನ್ನು ಹೇಳಿದ ಕ್ಷಣವೇ ಎಳೆಯುವ ಅಂಕಿ ಮೇಜಿನ ಮೇಲೆ ಬಿತ್ತು. ಆಮೇಲೆ ನಿರೀಕ್ಷೆಯನ್ನು ಮುಚ್ಚಿಟ್ಟುಕೊಂಡರೆ ಹಳೆಯ ಸಂಬಳವೊಂದೇ ಎದುರಿಗೆ ಉಳಿಯುತ್ತದೆ, ಮುಂದಿನ ಮಾತೆಲ್ಲ ಅದರ ಮೇಲೆ ಎಷ್ಟು ಪರ್ಸೆಂಟ್ ಎಂಬಲ್ಲೇ ಸುತ್ತುತ್ತದೆ. ಹಾಗಾಗಿ ಸುಮ್ಮನಿರುವುದರಿಂದ ರಕ್ಷಣೆ ಸಿಗುವುದಿಲ್ಲ. ಮಾರುಕಟ್ಟೆಯ ದರ ಗೊತ್ತಿದ್ದವರು ತಮ್ಮ ಸಂಖ್ಯೆಯನ್ನು ತಾವೇ ಮುಂದಿಡುವುದು ಲೇಸು.

ರಿಕ್ರೂಟರ್ ಕಡೆಯ ಕಾರಣವೂ ತಿಳಿದಿರಲಿ. ಮೊದಲ ಮೆಸೇಜ್ ಹಾಕುವವರು ಸಾಮಾನ್ಯವಾಗಿ ಚೌಕಾಸಿಗೆ ಕೂತವರಲ್ಲ. ಅವರ ಮುಂದೆ ಒಂದು ಹುದ್ದೆ, ಅದಕ್ಕೆ ಮಂಜೂರಾದ ಒಂದು ಬಜೆಟ್, ತುಂಬಲೇಬೇಕಾದ ಒಂದು ಫಾರ್ಮ್ ಇರುತ್ತವೆ. ಕನ್ಸಲ್ಟೆನ್ಸಿಯವರಾದರೆ ಅವರಿಗೆ ಸಿಗುವ ಫೀ ವಾಡಿಕೆಯಂತೆ ವರ್ಷದ ಸಿಟಿಸಿಯ ಶೇ 8.33, ಅಂದರೆ ಒಂದು ತಿಂಗಳ ಮೊತ್ತ. ನೀವು 12 ಲಕ್ಷಕ್ಕೆ ಸೇರಿದರೆ ಅವರಿಗೆ ಒಂದು ಲಕ್ಷ, 13 ಲಕ್ಷಕ್ಕೆ ಸೇರಿದರೆ ಎಂಟು ಸಾವಿರ ಚಿಲ್ಲರೆ ಹೆಚ್ಚು. ನೀವು ಸೇರದೇ ಹೋದರೆ ಸೊನ್ನೆ. ಆದ್ದರಿಂದ ನಿಮ್ಮನ್ನು ಕೆಳಗೆಳೆಯುವುದಕ್ಕಿಂತ ನೀವು ಬಜೆಟ್ಟಿನೊಳಗೆ ಇದ್ದೀರೋ ಇಲ್ಲವೋ ಎಂದು ಬೇಗ ತಿಳಿಯುವುದೇ ಅವರಿಗೆ ಮುಖ್ಯ. ಎರಡು ಮೂರು ಸಲ ಕೇಳಿದರೂ ಹಾರಿಕೆಯ ಉತ್ತರ ಬಂದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತಾರೆ. ‘ನೆಗೋಷಿಯಬಲ್’, ‘ಕಂಪನಿಯ ನಿಯಮದಂತೆ’ ಎಂದು ಬರೆದರೂ ಆ ಖಾನೆ ಖಾಲಿ ಉಳಿದಂತೆಯೇ. ‘10ರಿಂದ 13’ ಎಂದರೆ ಫಾರ್ಮಿಗೆ ಹೋಗುವುದು 10.

ಹಾಗಾದರೆ ಯಾವ ಸಂಖ್ಯೆ? ಅಕ್ಕನ ಮಗಳು ಬರೆಯಲು ಹೊರಟದ್ದು ಹೀಗೆ: ಈಗ 9.6 ಲಕ್ಷ, 30 ಪರ್ಸೆಂಟ್ ಹೈಕ್ ಹಾಕಿ 12.5. “ಎಲ್ಲರೂ 30 ಪರ್ಸೆಂಟೇ ಕೇಳೋದು” ಎಂದಳು. ಇಲ್ಲಿ ಎರಡು ತಪ್ಪು ಕಲ್ಪನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಹೈಕಿನ ಶೇಕಡಾವಾರಿಗೆ ಯಾವ ನಿಯಮವೂ ಇಲ್ಲ. ಕಂಪನಿ ಬಜೆಟ್ ಇಡುವುದು ಹುದ್ದೆಗೆ, ನಿಮ್ಮ ಹಳೆಯ ಸಂಬಳಕ್ಕಲ್ಲ. ಇನ್ನೊಂದು, ಸಿಟಿಸಿಯನ್ನೇ ಸಂಬಳ ಎಂದುಕೊಳ್ಳುವುದು. ಇದು ಹೆಚ್ಚು ಹಾನಿ ಮಾಡುತ್ತದೆ.

ಅವಳ ಪೇಸ್ಲಿಪ್ ತೆಗೆಸಿ ಊಟದ ಮೇಜಿನ ಮೇಲೆ ಲೆಕ್ಕ ಹಾಕಿದೆವು. 9.6 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 80,000. ಆದರೆ ಅವಳ ಕೈಗೆ ಬರುವುದು 59,276. ಸಿಟಿಸಿಯ ಅರ್ಧ, ಅಂದರೆ 4,80,000 ಬೇಸಿಕ್. ಅದರ ಶೇ 12 ಕಂಪನಿ ಕಟ್ಟುವ ಪಿಎಫ್, 57,600. ಗ್ರಾಚ್ಯುಟಿಗೆಂದು ಬೇಸಿಕ್ಕಿನ ಶೇ 4.81, ಸುಮಾರು 23,000. ವಿಮೆಯ ಪ್ರೀಮಿಯಂ 12,000. ವೇರಿಯಬಲ್ 96,000, ಅದೂ ವರ್ಷದ ಕೊನೆಗೆ ಮತ್ತು ಪೂರ್ತಿ ಬರುತ್ತದೆಂಬ ಖಾತ್ರಿ ಇಲ್ಲ. ಇವೆಲ್ಲ ಹೋಗಿ ಉಳಿದದ್ದರಲ್ಲಿ ಅವಳ ಪಾಲಿನ ಪಿಎಫ್ 4,800, ವೃತ್ತಿ ತೆರಿಗೆ 200 ಕಳೆಯಬೇಕು. ಹೊಸ ಪದ್ಧತಿಯಲ್ಲಿ ಅವಳ ವರಮಾನಕ್ಕೆ ಆದಾಯ ತೆರಿಗೆ ಬರಲಿಲ್ಲ, ಅಷ್ಟು ಅನುಕೂಲ.

ಈಗ ಅವಳು ಕೇಳಲಿದ್ದ 12.5 ಲಕ್ಷವೇ ಸಿಕ್ಕಿತು ಎಂದುಕೊಳ್ಳಿ. ಹೊಸ ಕಂಪನಿ ಅದರಲ್ಲಿ ಶೇ 20 ವೇರಿಯಬಲ್ ಇಟ್ಟರೆ 2.5 ಲಕ್ಷ ಅಲ್ಲೇ ಹೋಯಿತು. ಉಳಿದ 10 ಲಕ್ಷದಿಂದ ಪಿಎಫ್, ಗ್ರಾಚ್ಯುಟಿ, ವಿಮೆ ಕಳೆದು ತಿಂಗಳಿಗೆ ಕೈಗೆ ಬರುವುದು 67,000ಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೆ. ಕಾಗದದ ಮೇಲೆ ಶೇ 30 ಹೈಕ್, ಬ್ಯಾಂಕ್ ಖಾತೆಯಲ್ಲಿ ಶೇ 13. ಅವಳು ಕ್ಯಾಲ್ಕುಲೇಟರನ್ನು ಎರಡು ಸಲ ಒತ್ತಿ ನೋಡಿದಳು.

ಅದಕ್ಕೇ ಮೊದಲ ಉತ್ತರದಲ್ಲೇ ಸಿಟಿಸಿ ಬಿಟ್ಟು ಫಿಕ್ಸೆಡ್ ಲೆಕ್ಕದಲ್ಲಿ ಮಾತಾಡಬೇಕು ಎನ್ನುತ್ತೇನೆ. ಫಿಕ್ಸೆಡ್ ಎಂದರೆ ಸಿಟಿಸಿಯಲ್ಲಿ ವೇರಿಯಬಲ್ ಕಳೆದು ಉಳಿದದ್ದು. ಕೆಲವು ಕಂಪನಿಗಳು ಪಿಎಫ್ ಮತ್ತು ಗ್ರಾಚ್ಯುಟಿಯನ್ನು ಇದರೊಳಗೆ ಸೇರಿಸುತ್ತವೆ, ಕೆಲವು ಹೊರಗಿಡುತ್ತವೆ, ಆದ್ದರಿಂದ ಅದನ್ನೂ ಕೇಳಿ ತಿಳಿಯಬೇಕು. ಅವಳ ಈಗಿನ ಫಿಕ್ಸೆಡ್ 8.64 ಲಕ್ಷ. ಅದೇ ಬಗೆಯ ಕೆಲಸದಲ್ಲಿದ್ದ ಮೂವರು ಗೆಳತಿಯರಿಗೆ ಫೋನ್ ಮಾಡಿದಳು. ಅವರ ಫಿಕ್ಸೆಡ್ 10.5ರಿಂದ 12ರ ನಡುವೆ ಇತ್ತು. 11.5 ಎಂದು ನಿರ್ಧಾರವಾಯಿತು.

ಆಮೇಲೆ ಅವಳು ಇಂಗ್ಲಿಷಿನಲ್ಲಿ ಕಳಿಸಿದ ಮೆಸೇಜಿನ ಸಾರ ಇಷ್ಟು: “ಕೆಲಸದ ವಿವರ ಇಷ್ಟವಾಯಿತು. ಅನುಭವ ನಾಲ್ಕು ವರ್ಷ, ನೋಟಿಸ್ 60 ದಿನ. ಸಂಬಳಕ್ಕೆ ಮೊದಲು, ಈ ಹುದ್ದೆಯ ಬಜೆಟ್ ಎಷ್ಟು, ಅದರಲ್ಲಿ ಫಿಕ್ಸೆಡ್ ಎಷ್ಟು ಎಂದು ತಿಳಿಸಬಹುದೇ?” ಐದು ನಿಮಿಷದಲ್ಲಿ ಉತ್ತರ ಬಂತು: ಬಜೆಟ್ ಅನುಭವದ ಮೇಲೆ, ನಿಮ್ಮ ನಿರೀಕ್ಷೆ ಹೇಳಿ, ಫಾರ್ಮಿಗೆ ಬೇಕು. ಬಜೆಟ್ ಒಂದು ಸಲ ಕೇಳಬೇಕು, ಎರಡನೇ ಸಲ ಕೇಳಿದರೆ ಮಾತು ಅಲ್ಲೇ ಹೂತುಹೋಗುತ್ತದೆ. ಅವಳು ಬರೆದಳು: “ಫಿಕ್ಸೆಡ್ 11.5 ಲಕ್ಷ, ವೇರಿಯಬಲ್ ಅದರ ಮೇಲೆ. ನೀವು ಕಳಿಸಿದ ಕೆಲಸದ ವಿವರ ನೋಡಿ ಹೇಳುತ್ತಿದ್ದೇನೆ. ಇಂಟರ್‌ವ್ಯೂನಲ್ಲಿ ಜವಾಬ್ದಾರಿ ಬೇರೆ ಎಂದು ಕಂಡರೆ ಮತ್ತೆ ಮಾತಾಡೋಣ.” ಆಗ ಬಜೆಟ್ ಹೊರಬಂತು. ಫಿಕ್ಸೆಡ್ 11ರವರೆಗೆ ಹೋಗಬಹುದು, ಅದರ ಮೇಲೆ ಶೇ 10 ವೇರಿಯಬಲ್.

ಒಟ್ಟು ಸಿಟಿಸಿ 12.1 ಲಕ್ಷ. ಅವಳು ಮೊದಲು ಕೇಳಲಿದ್ದ 12.5ಕ್ಕಿಂತ ಕಡಿಮೆ. ಆದರೆ ಅದೇ ಲೆಕ್ಕದಲ್ಲಿ ತಿಂಗಳಿಗೆ ಕೈಗೆ ಬರುವುದು ಸುಮಾರು 75,900, ಅಂದರೆ ಆ 12.5ರ ಆಫರಿಗಿಂತ ಎಂಟೂವರೆ ಸಾವಿರಕ್ಕೂ ಹೆಚ್ಚು.

ಈಗಿನ ಸಿಟಿಸಿಯ ಖಾನೆಯೊಂದು ಉಳಿದಿತ್ತು. “ಸ್ವಲ್ಪ ಜಾಸ್ತಿ ಹೇಳಿದರೆ ಯಾರಿಗೆ ಗೊತ್ತಾಗುತ್ತೆ” ಎಂಬ ಮಾತು ಪ್ರತಿ ಆಫೀಸಿನ ಕ್ಯಾಂಟೀನಿನಲ್ಲೂ ಕೇಳುತ್ತದೆ. ಗೊತ್ತಾಗುತ್ತದೆ. ಆಫರ್ ಹಂತದಲ್ಲಿ ಮೂರು ತಿಂಗಳ ಪೇಸ್ಲಿಪ್, ಕೆಲವೊಮ್ಮೆ ಫಾರ್ಮ್ 16 ಕೇಳುತ್ತಾರೆ. ಪಿಎಫ್ ಪಾಸ್‌ಬುಕ್ಕಿನಲ್ಲಿ ತಿಂಗಳ ವಂತಿಗೆ ಕಾಣುತ್ತದೆ. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಡೆ ಶೇ 12ರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಬೇಸಿಕ್ ಎಷ್ಟೆಂದು ಯಾರಾದರೂ ಹೇಳಬಲ್ಲರು. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ನೋಟಿಸಿನ ಕೊನೆಯ ವಾರದಲ್ಲಿ ಇದೇ ಕಾರಣಕ್ಕೆ ಹೊಸ ಆಫರ್ ರದ್ದಾದವನೊಬ್ಬ ನನಗೆ ಫೋನ್ ಮಾಡಿ ಅತ್ತಿದ್ದು ಇನ್ನೂ ಕಿವಿಯಲ್ಲಿದೆ.

ಸುಳ್ಳು ಬೇಡ ಎಂದ ಮಾತ್ರಕ್ಕೆ ಎಲ್ಲವನ್ನೂ ಮೊದಲ ದಿನವೇ ಒಪ್ಪಿಸಬೇಕೆಂದೂ ಅಲ್ಲ. ಭಾರತದಲ್ಲಿ ಹಳೆಯ ಸಂಬಳ ಕೇಳುವುದನ್ನು ತಡೆಯುವ ಕಾನೂನಿಲ್ಲ, ಹೇಳಲೇಬೇಕೆಂಬ ಕಾನೂನೂ ಇಲ್ಲ. “ಆಫರ್ ಹಂತದಲ್ಲಿ ದಾಖಲೆ ಸಮೇತ ಕೊಡುತ್ತೇನೆ, ಈಗ ನಿರೀಕ್ಷೆ ಇಷ್ಟು” ಎಂದು ಬರೆದರೆ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪದಿದ್ದರೆ ನಿಜ ಹೇಳಿ, ಆದರೆ ಬಿಡಿಸಿ ಹೇಳಿ: ಫಿಕ್ಸೆಡ್ ಇಷ್ಟು, ವೇರಿಯಬಲ್ ಇಷ್ಟು. ಅದರ ಪಕ್ಕದಲ್ಲೇ ನಿಮ್ಮ ನಿರೀಕ್ಷೆಯೂ ಅದೇ ಮೆಸೇಜಿನಲ್ಲಿರಲಿ. ಪೇಸ್ಲಿಪ್, ಪ್ಯಾನ್, ಆಧಾರ್ ಪ್ರತಿಗಳನ್ನು ಮಾತ್ರ ಚಾಟಿನ ಹಂತದಲ್ಲಿ ಯಾರಿಗೂ ಕಳಿಸಬೇಡಿ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಈ ಪ್ರಶ್ನೆಯೇ ಬೇರೆ. ಅಲ್ಲಿ 2018ರ ಜನವರಿಯಿಂದ ಅಭ್ಯರ್ಥಿಯ ಹಳೆಯ ಸಂಬಳ ಕೇಳುವುದು ಕಾನೂನಿಗೆ ವಿರುದ್ಧ. 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು 2023ರಿಂದ ಉದ್ಯೋಗದ ಜಾಹೀರಾತಿನಲ್ಲೇ ಸಂಬಳದ ಮಿತಿ ಹಾಕಬೇಕು. ಅಲ್ಲಿದ್ದೂ ಬೆಂಗಳೂರಿನ ಅಭ್ಯಾಸದಂತೆ ಕೇಳದೆಯೇ ಹಳೆಯ ಸಂಬಳ ಹೇಳಿಬಿಡುವುದು ಬೇಡ.

“ಚಾಟಿನಲ್ಲಿ ಬರೆದ ಮೇಲೆ ಮುಗೀತು, ಬದಲಾಯಿಸಕ್ಕಾಗಲ್ಲ” ಎಂದು ಅವಳಿಗೆ ಕೊನೆಯವರೆಗೂ ಅಳುಕಿತ್ತು. ಚಾಟಿನ ಸಂಖ್ಯೆ ಕರಾರಲ್ಲ. ಆದರೆ ಕಾರಣವಿಲ್ಲದೆ ಏರಿಸಿದರೆ ರಿಕ್ರೂಟರ್ ತನ್ನ ಮೇಲಿನವರ ಮುಂದೆ ಮುಜುಗರ ಪಡಬೇಕಾಗುತ್ತದೆ, ನಂಬಿಕೆ ಹೋಗುತ್ತದೆ. ಮೊದಲೇ ಬರೆದಿಟ್ಟ ಆ ಒಂದು ವಾಕ್ಯ, ‘ಜವಾಬ್ದಾರಿ ಬೇರೆ ಎಂದು ಕಂಡರೆ ಮತ್ತೆ ಮಾತಾಡೋಣ’ ಎಂಬುದು, ಇಲ್ಲಿ ಕೈಹಿಡಿಯಿತು. ಎರಡನೇ ಸುತ್ತಿನ ಇಂಟರ್‌ವ್ಯೂನಲ್ಲಿ ಇಬ್ಬರು ಜೂನಿಯರ್‌ಗಳನ್ನೂ ಅವಳೇ ನೋಡಿಕೊಳ್ಳಬೇಕು ಎಂದು ತಿಳಿಯಿತು. ಮೂಲ ವಿವರದಲ್ಲಿ ಅದಿರಲಿಲ್ಲ. ಅವಳು ಅದನ್ನೇ ಎತ್ತಿ ತೋರಿಸಿ 11.5ಕ್ಕೆ ಕೇಳಿದಳು. ಬಜೆಟ್ ಮೀರಲು ಆಗುವುದಿಲ್ಲ ಎಂದು ಎರಡು ದಿನ ಬಿಟ್ಟು ಉತ್ತರ ಬಂತು, ಅದರ ಬದಲು ವರ್ಷಕ್ಕೆ ಆಗುವ ಸಂಬಳ ಪರಿಷ್ಕರಣೆಯನ್ನು ಆರು ತಿಂಗಳಿಗೇ ಮಾಡುವುದಾಗಿ ಹೇಳಿದರು. ಆ ಸಾಲು ಆಫರ್ ಲೆಟರಿನಲ್ಲಿ ಬರಲಿ ಎಂದು ಕೇಳಿದಳು. ತಿದ್ದಿದ ಪ್ರತಿ ಶುಕ್ರವಾರ ಸಂಜೆ ಬಂತು. ಮೂರನೇ ಪುಟದಲ್ಲಿ ಆ ಸಾಲು ಇದ್ದುದನ್ನು ಓದಿಕೊಂಡು ಆಮೇಲೆ ಸಹಿ ಹಾಕಿದಳು.