ಸ್ಕೋರ್ ಏರಿದ ಮೇಲೆ ಬಡ್ಡಿ ಇಳಿಸಿ ಎಂದು ಕೇಳುವ ಪತ್ರ

ಬ್ಯಾಂಕಿಗೆ ಪತ್ರ ಬರೆಯಲು ಕುಳಿತರೆ ಬಹಳಷ್ಟು ಜನರ ಕೈ ತಾನಾಗಿಯೇ ಬೇಡಿಕೊಳ್ಳುವ ಧಾಟಿಗೆ ಹೊರಳುತ್ತದೆ. ‘ಮನೆಯ ಖರ್ಚು ಹೆಚ್ಚಾಗಿದೆ, ಕಂತು ಕಟ್ಟಲು ತುಂಬಾ ಕಷ್ಟವಾಗುತ್ತಿದೆ, ದಯವಿಟ್ಟು ಬಡ್ಡಿ ಕಡಿಮೆ ಮಾಡಿಕೊಡಿ’ ಎಂದು ಬರೆದುಬಿಡುತ್ತಾರೆ. ಸಿಬಿಲ್ ಸ್ಕೋರ್ ಏರಿದೆ ಎಂಬ ಧೈರ್ಯದಲ್ಲಿ ಪರ್ಸನಲ್ ಲೋನಿನ ಬಡ್ಡಿ ಇಳಿಸಲು ಕೇಳುವವರಿಗೆ ಇದಕ್ಕಿಂತ ಕೆಟ್ಟ ಆರಂಭ ಇನ್ನೊಂದಿಲ್ಲ.

ಕಾರಣ ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ಸಾಲಗಾರ ಹಣಕಾಸಿನ ತೊಂದರೆಯಲ್ಲಿದ್ದಾನೆ ಎಂಬ ಕಾರಣಕ್ಕೆ ಸಾಲ ಕೊಟ್ಟವರು ಬಡ್ಡಿಯಲ್ಲೋ ಅವಧಿಯಲ್ಲೋ ರಿಯಾಯಿತಿ ಕೊಟ್ಟರೆ ಅದು ‘ರೀಸ್ಟ್ರಕ್ಚರಿಂಗ್’, ಅಂದರೆ ಸಾಲದ ಮರುಹೊಂದಾಣಿಕೆ ಎನಿಸಿಕೊಳ್ಳುತ್ತದೆ. ಹಾಗೆ ಮರುಹೊಂದಾಣಿಕೆಯಾದ ಸಾಲ ಕ್ರೆಡಿಟ್ ವರದಿಯಲ್ಲಿ ಅದೇ ಹೆಸರಿನಲ್ಲಿ ದಾಖಲಾಗಬಹುದು. ಮುಂದೆ ಗೃಹಸಾಲಕ್ಕೆ ಹೋದಾಗ ಆ ಒಂದು ನಮೂದು ಅಡ್ಡ ಬರುತ್ತದೆ. ಕಷ್ಟಪಟ್ಟು ಏರಿಸಿಕೊಂಡ ಸ್ಕೋರನ್ನು ತಾನೇ ಬರೆದ ಪತ್ರದಿಂದ ಕೆಡಿಸಿಕೊಂಡಂತೆ. ನಿಜವಾಗಿಯೂ ಕಂತು ಕಟ್ಟಲಾಗದವರು ಹಾಗೆಯೇ ಹೇಳಬೇಕು, ಅದು ಅವರ ದಾರಿ. ಸ್ಕೋರ್ ಸುಧಾರಿಸಿದವರ ಪತ್ರ ಮಾತ್ರ ವ್ಯವಹಾರದ ಪತ್ರವಾಗಿರಬೇಕು: ಸಾಲ ಕೊಟ್ಟ ದಿನ ನೀವು ನನ್ನಲ್ಲಿ ಕಂಡ ಅಪಾಯ ಈಗ ಅಷ್ಟಿಲ್ಲ, ಆದ್ದರಿಂದ ಆ ಅಪಾಯಕ್ಕೆಂದು ಹಾಕಿದ ಬೆಲೆಯನ್ನು ಇಳಿಸಿ ಎಂಬಷ್ಟೇ ಅದರ ಸಾರ.

ಸ್ಕೋರ್ ಏರಿದರೆ ಬಡ್ಡಿ ತಾನಾಗಿಯೇ ಇಳಿಯುತ್ತದೆ ಎಂದು ನಂಬಿಕೊಂಡವರೂ ಇದ್ದಾರೆ. ಹಾಗಾಗುವುದಿಲ್ಲ. ನಮ್ಮಲ್ಲಿನ ಹೆಚ್ಚಿನ ಪರ್ಸನಲ್ ಲೋನ್‌ಗಳು ಸ್ಥಿರ ಬಡ್ಡಿಯವು. ಮಂಜೂರಾದ ದಿನದ ಸ್ಕೋರ್, ಸಂಬಳ, ಕೆಲಸ ಕೊಟ್ಟ ಸಂಸ್ಥೆ ಇವನ್ನೆಲ್ಲ ನೋಡಿ ಒಮ್ಮೆ ದರ ಬರೆದರೆ ಕೊನೆಯ ಕಂತಿನವರೆಗೂ ಅದೇ. ಇಳಿಸಲೇಬೇಕು ಎಂಬ ನಿಯಮ ಇಲ್ಲ. ಬದಲಾಗುವ ಬಡ್ಡಿಯ ಸಾಲವಾದರೆ ಮಾತು ಸ್ವಲ್ಪ ಬೇರೆ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಅಂಥ ಸಾಲಗಳ ದರ ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರುತ್ತದೆ. ಅದರ ಮೇಲೆ ಬ್ಯಾಂಕು ಸೇರಿಸುವ ‘ಕ್ರೆಡಿಟ್ ರಿಸ್ಕ್ ಪ್ರೀಮಿಯಂ’ ಸಾಲಗಾರರ ಸಾಲಯೋಗ್ಯತೆಯಲ್ಲಿ ಗಣನೀಯ ಬದಲಾವಣೆಯಾದಾಗ, ಒಪ್ಪಂದದಲ್ಲಿ ಬರೆದಂತೆ ಬದಲಾಗಬಹುದು. ಈ ಬಗೆಯ ಸಾಲ ಇರುವವರು ಪತ್ರದಲ್ಲಿ ಆ ಷರತ್ತನ್ನೇ ಎತ್ತಿ ತೋರಿಸಬಹುದು. ಸ್ಥಿರ ಬಡ್ಡಿಯವರ ಕೈಯಲ್ಲಿರುವುದು ಲೆಕ್ಕಾಚಾರ ಮಾತ್ರ. ಆದರೆ ಆ ಲೆಕ್ಕಾಚಾರಕ್ಕೆ ಒಳ್ಳೆಯ ಬಲವಿದೆ.

ದಾವಣಗೆರೆಯ ಖಾಸಗಿ ಕಾಲೇಜೊಂದರ ಉಪನ್ಯಾಸಕಿಯೊಬ್ಬರ ಸಾಲವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಅವರು 5 ಲಕ್ಷ ರೂಪಾಯಿ ಸಾಲವನ್ನು ಶೇ. 18ರ ಸ್ಥಿರ ಬಡ್ಡಿಗೆ, 60 ತಿಂಗಳ ಅವಧಿಗೆ ತೆಗೆದುಕೊಂಡರು. ಆಗ ಅವರ ಎರಡು ಕ್ರೆಡಿಟ್ ಕಾರ್ಡುಗಳು ಮಿತಿಯ ಅಂಚಿಗೆ ಬಂದಿದ್ದವು, ಸ್ಕೋರ್ 678 ಇತ್ತು. ಕಂತು 12,697 ರೂಪಾಯಿ. 18 ಕಂತು ಕಟ್ಟಿದ ಮೇಲೆ ಕಾರ್ಡಿನ ಬಾಕಿಗಳೆಲ್ಲ ತೀರಿವೆ, ಸ್ಕೋರ್ 771ಕ್ಕೆ ಬಂದಿದೆ. ಅಸಲಿನಲ್ಲಿ ಇನ್ನೂ ಸುಮಾರು 3,93,500 ರೂಪಾಯಿ ಉಳಿದಿದೆ, ಕಟ್ಟಬೇಕಾದ ಕಂತು 42. ಹೀಗೇ ಮುಂದುವರಿದರೆ ಉಳಿದ ಅವಧಿಯಲ್ಲಿ ಅವರು ಸುಮಾರು 1,39,700 ರೂಪಾಯಿಯನ್ನು ಬಡ್ಡಿಯಾಗಿಯೇ ಕಟ್ಟುತ್ತಾರೆ.

ಈ ಹೊತ್ತಿಗೆ ಅವರ ಸಂಬಳ ಬರುವ ಬ್ಯಾಂಕು ಶೇ. 14ಕ್ಕೆ ಸಾಲ ಕೊಡುವುದಾಗಿ ಸಂದೇಶ ಕಳಿಸಿದೆ ಎನ್ನೋಣ. ಆ ಬ್ಯಾಂಕಿಗೆ ಸಾಲ ವರ್ಗಾಯಿಸಿದರೆ ಬಡ್ಡಿಯಲ್ಲಿ ಸುಮಾರು 33,000 ರೂಪಾಯಿ ಉಳಿಯುತ್ತದೆ. ಆದರೆ ಹಳೆಯ ಸಾಲವನ್ನು ಅವಧಿಗೆ ಮುನ್ನ ಮುಗಿಸಲು ಶೇ. 4 ಶುಲ್ಕ, ಹೊಸ ಸಾಲಕ್ಕೆ ಶೇ. 2 ಪ್ರೊಸೆಸಿಂಗ್ ಶುಲ್ಕ, ಎರಡರ ಮೇಲೂ ಶೇ. 18 ಜಿಎಸ್‌ಟಿ ಸೇರಿದರೆ 27,800 ರೂಪಾಯಿಗೂ ಹೆಚ್ಚು ಕೈಬಿಟ್ಟು ಹೋಗುತ್ತದೆ. ಉಳಿಯುವುದು 5,400 ರೂಪಾಯಿಯ ಆಸುಪಾಸು. ಅದೇ ಈಗ ಸಾಲ ಕೊಟ್ಟಿರುವವರೇ ಶೇ. 15ಕ್ಕೆ ಇಳಿಸಿದರೆ ಕಂತು 12,100 ರೂಪಾಯಿಯಾಗುತ್ತದೆ, ಒಟ್ಟು ಉಳಿತಾಯ ಸುಮಾರು 25,000. ಹೊರಗಿನವರಿಗಿಂತ ಒಂದು ಪರ್ಸೆಂಟ್ ಹೆಚ್ಚು ದರ ಒಪ್ಪಿಕೊಂಡರೂ ಇದೇ ಲಾಭ. ಸಾಲ ಕೊಟ್ಟವರಿಗೂ ಒಂದು ದಿನವೂ ಕಂತು ತಪ್ಪಿಸದ ಗ್ರಾಹಕಿ ಉಳಿಯುತ್ತಾರೆ, ಇಳಿಸಿದ ದರದಲ್ಲೂ ಒಂದು ಲಕ್ಷಕ್ಕೂ ಮಿಕ್ಕಿ ಬಡ್ಡಿ ಬರುತ್ತದೆ. ಹೊಸ ಸಾಲಕ್ಕೆ ಅರ್ಜಿ ಹಾಕುವ ಮೊದಲು ಹಳೆಯವರಿಗೆ ಪತ್ರ ಬರೆಯಬೇಕು ಎನ್ನುವುದಕ್ಕೆ ಇದೇ ಕಾರಣ.

ಪತ್ರಕ್ಕೂ ಮೊದಲು ಎರಡು ಕಾಗದ ಕೈಯಲ್ಲಿರಬೇಕು. ಒಂದು, ಸಾಲದ ಒಪ್ಪಂದ. 2024ರ ಅಕ್ಟೋಬರ್ 1ರಿಂದೀಚೆಗೆ ಸಾಲ ಪಡೆದವರಿಗೆ ಅದರ ಜೊತೆ ಕೆಎಫ್‌ಎಸ್ ಎಂಬ ಮುಖ್ಯಾಂಶಗಳ ಹಾಳೆಯೂ ಸಿಕ್ಕಿರುತ್ತದೆ. ಬಡ್ಡಿ ಸ್ಥಿರವೋ ಬದಲಾಗುವುದೋ, ಮುಂಚಿತವಾಗಿ ಮುಗಿಸಿದರೆ ಶುಲ್ಕವೆಷ್ಟು ಎಂಬುದು ಅದರಲ್ಲೇ ಇರುತ್ತದೆ. ಇನ್ನೊಂದು, ಕ್ರೆಡಿಟ್ ವರದಿ. ದೇಶದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಮೊಬೈಲಿನ ಆ್ಯಪ್ ತೋರಿಸುವ ಅಂಕ ಎಕ್ಸ್‌ಪೀರಿಯನ್ನಿನದ್ದಾಗಿದ್ದು, ಬ್ಯಾಂಕು ನೋಡುವುದು ಸಿಬಿಲ್ ಆಗಿದ್ದರೆ ಎರಡೂ ತಾಳೆಯಾಗದೆ ಪತ್ರ ಅಲ್ಲಿಗೇ ನಿಂತುಬಿಡುತ್ತದೆ. ಹಾಗಾಗಿ ಸ್ಕೋರಿನ ಜೊತೆ ಸಂಸ್ಥೆಯ ಹೆಸರು ಮತ್ತು ವರದಿಯ ದಿನಾಂಕ ಬರೆಯಲೇಬೇಕು. ತಮ್ಮ ವರದಿಯನ್ನು ತಾವೇ ತರಿಸಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಕಂಡಕಂಡ ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಇಳಿಯಬಹುದು. ‘ಬೇರೆಯವರು ಇಷ್ಟಕ್ಕೆ ಕೊಡುತ್ತಿದ್ದಾರೆ’ ಎಂದು ತೋರಿಸಲಿಕ್ಕೆಂದೇ ನಾಲ್ಕು ಕಡೆ ಅರ್ಜಿ ಗುಜರಾಯಿಸುವುದು ಆದ್ದರಿಂದ ಬೇಡ. ತಾನಾಗಿ ಬಂದ ಒಂದು ಆಹ್ವಾನ ಸಾಕು.

ಉಪನ್ಯಾಸಕಿಯ ಪತ್ರ ಹೀಗಿರಬಹುದು:

‘ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ವೈಯಕ್ತಿಕ ಸಾಲದ ಬಡ್ಡಿ ದರ ಇಳಿಸುವ ಕುರಿತು. ಸಾಲದ ಖಾತೆ ಸಂಖ್ಯೆ: …

ಮಾನ್ಯರೇ,

ಮೇಲಿನ ಖಾತೆಯಲ್ಲಿ ನಾನು ಪಡೆದಿರುವ 5 ಲಕ್ಷ ರೂಪಾಯಿ ಸಾಲಕ್ಕೆ ಶೇ. 18ರ ಸ್ಥಿರ ಬಡ್ಡಿ ಇದೆ. ಈವರೆಗಿನ 18 ಕಂತುಗಳೂ ನಿಗದಿತ ದಿನದಂದೇ ಪಾವತಿಯಾಗಿವೆ, ಒಂದೂ ಬೌನ್ಸ್ ಆಗಿಲ್ಲ. ಸಾಲ ಮಂಜೂರಾದಾಗ 678 ಇದ್ದ ನನ್ನ ಸಿಬಿಲ್ ಸ್ಕೋರ್ ಈಗ 771 ಆಗಿದೆ. ಕ್ರೆಡಿಟ್ ಕಾರ್ಡುಗಳಲ್ಲಿ ಯಾವ ಬಾಕಿಯೂ ಇಲ್ಲ. ವರದಿಯ ಪ್ರತಿ ಮತ್ತು ಕಳೆದ ಮೂರು ತಿಂಗಳ ಸಂಬಳದ ಚೀಟಿ ಲಗತ್ತಿಸಿದ್ದೇನೆ.

ನನಗೆ ಬೇರೊಂದು ಬ್ಯಾಂಕಿನಿಂದ ಶೇ. 14ರ ದರದಲ್ಲಿ ಸಾಲದ ಆಹ್ವಾನ ಬಂದಿದೆ. ಆದರೂ ನಿಮ್ಮಲ್ಲೇ ಮುಂದುವರಿಯುವ ಇಚ್ಛೆ ನನ್ನದು. ಉಳಿದ ಅಸಲಿಗೆ ಬಡ್ಡಿಯನ್ನು ಶೇ. 14.5ಕ್ಕೆ ಇಳಿಸಬೇಕೆಂದು ಕೋರುತ್ತೇನೆ. ಉಳಿದ 42 ತಿಂಗಳ ಅವಧಿ ಹೆಚ್ಚಬಾರದು. ಹೊಸ ಸಾಲವಾಗಲಿ, ಟಾಪ್‌ಅಪ್ ಆಗಲಿ ನನಗೆ ಬೇಕಿಲ್ಲ. ಈ ಕೋರಿಕೆ ಹಣಕಾಸಿನ ತೊಂದರೆಯ ಕಾರಣಕ್ಕೆ ಮಾಡಿದ್ದಲ್ಲ. ಬದಲಾವಣೆಗೆ ಶುಲ್ಕವಿದ್ದರೆ ಮೊದಲೇ ತಿಳಿಸಿ. ನಿಮ್ಮ ನಿರ್ಧಾರವನ್ನು ಲಿಖಿತವಾಗಿ ಕೊಡಬೇಕೆಂದು ವಿನಂತಿ.’

ಶೇ. 14.5 ಎಂದು ಕೇಳಿರುವುದು ಚೌಕಾಸಿಗೆ ಜಾಗ ಇರಲಿ ಎಂದು. ‘ಸಾಧ್ಯವಾದಷ್ಟು ಇಳಿಸಿ’ ಎಂದು ಬರೆದರೆ ಕಾಲು ಪರ್ಸೆಂಟ್ ಇಳಿಸಿ ಕೈತೊಳೆದುಕೊಳ್ಳಬಹುದು.

ಪತ್ರದಲ್ಲಿ ಅತಿ ಮುಖ್ಯವಾದದ್ದು ಅವಧಿಯ ಮಾತು. ಇಂಥ ಪತ್ರಕ್ಕೆ ಬರುವ ಮೊದಲ ಉತ್ತರ ಅನೇಕ ಸಲ ಒಂದು ಫೋನ್ ಕರೆ. ‘ಮೇಡಂ, ಹಳೇ ಲೋನ್ ಕ್ಲೋಸ್ ಮಾಡಿ 14.5ಕ್ಕೆ ಹೊಸದು ಮಾಡಿಕೊಡ್ತೀವಿ, ಕಂತು ಮೂರು ಸಾವಿರದ ಮೇಲೆ ಕಮ್ಮಿ ಆಗುತ್ತೆ’ ಎನ್ನುತ್ತಾರೆ. ಹೇಳಿದ್ದು ಸುಳ್ಳಲ್ಲ. ಅದೇ 3,93,500 ರೂಪಾಯಿಯನ್ನು ಹೊಸದಾಗಿ 60 ತಿಂಗಳಿಗೆ ಹಂಚಿದರೆ ಕಂತು 9,259ಕ್ಕೆ ಇಳಿಯುತ್ತದೆ. ಆದರೆ ಒಟ್ಟು ಬಡ್ಡಿ 1,62,000 ರೂಪಾಯಿ ಆಗುತ್ತದೆ. ಶೇ. 18ರಲ್ಲೇ ಮುಂದುವರಿದಿದ್ದರೆ ಕಟ್ಟಬೇಕಿದ್ದುದು 1,39,700. ದರ ಮೂರೂವರೆ ಪರ್ಸೆಂಟ್ ಇಳಿದೂ 22,000 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಹೊಸ ಪ್ರೊಸೆಸಿಂಗ್ ಶುಲ್ಕ, ಜೊತೆಗೆ ಅಂಟಿಸುವ ವಿಮೆ ಬೇರೆ. ತಿಂಗಳ ಕಂತನ್ನಷ್ಟೇ ನೋಡಿ ಹೂಂ ಎನ್ನುವವರು ಮೋಸಹೋಗುವುದು ಇಲ್ಲೇ. ಕೇಳಬೇಕಾದ ಪ್ರಶ್ನೆ ಒಂದೇ: ಇವತ್ತಿನಿಂದ ಸಾಲ ತೀರುವವರೆಗೆ ಶುಲ್ಕವೂ ಸೇರಿ ಒಟ್ಟು ಎಷ್ಟು ಕಟ್ಟಬೇಕು?

ಪತ್ರವನ್ನು ಶಾಖೆಯಲ್ಲಿ ಕೊಟ್ಟು ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು, ಅದನ್ನೇ ಗ್ರಾಹಕ ಸೇವೆಯ ಇಮೇಲ್ ವಿಳಾಸಕ್ಕೂ ಕಳಿಸುವುದು ಒಳ್ಳೆಯದು. ದರ ಇಳಿಸುವ ಅಧಿಕಾರ ಎಷ್ಟೋ ಕಡೆ ಶಾಖಾ ವ್ಯವಸ್ಥಾಪಕರಿಗೆ ಇರುವುದಿಲ್ಲ. ಉತ್ತರ ಬಾರದಿದ್ದರೆ ‘ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್’ ಕೊಡಿ ಎಂದು ಕೇಳಬಹುದು. ಈ ಗ್ರಾಹಕಿ ಹೊರಡುವ ಯೋಚನೆಯಲ್ಲಿದ್ದಾರೆ ಎಂಬುದು ಸರಿಯಾದ ಮೇಜಿಗೆ ತಲುಪುವುದು ಹಲವು ಬಾರಿ ಆಗಲೇ. ಅಷ್ಟಾದರೂ ‘ಆಗುವುದಿಲ್ಲ’ ಎಂದರೆ ಅದು ಅವರ ವ್ಯಾವಹಾರಿಕ ತೀರ್ಮಾನ. ಅದರ ವಿರುದ್ಧ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಿ ಪ್ರಯೋಜನವಿಲ್ಲ. ಕೆಎಫ್‌ಎಸ್‌ನಲ್ಲಿ ಇಲ್ಲದ ಶುಲ್ಕವನ್ನು ಒಪ್ಪಿಗೆಯಿಲ್ಲದೆ ಹಾಕಿದರೆ ಅಥವಾ ಬರೆದುಕೊಟ್ಟ ದರ ಜಾರಿಯಾಗದಿದ್ದರೆ ಮಾತ್ರ ದೂರು ನಿಲ್ಲುತ್ತದೆ. ಅದನ್ನೂ ಮೊದಲು ಸಾಲ ಕೊಟ್ಟವರಿಗೇ ಲಿಖಿತವಾಗಿ ಸಲ್ಲಿಸಬೇಕು.

ಪತ್ರ ಬರೆಯುವ ಕಾಲವೂ ಲೆಕ್ಕಕ್ಕೆ ಬರುತ್ತದೆ. ಇದೇ ಸಾಲದಲ್ಲಿ ಕೊನೆಯ 12 ಕಂತು ಮಾತ್ರ ಉಳಿದಾಗ ಶೇ. 15ಕ್ಕೆ ಇಳಿಸಿದರೆ ಉಳಿಯುವುದು 2,400 ರೂಪಾಯಿಯೊಳಗೆ. ಬಡ್ಡಿಯ ಹೆಚ್ಚಿನ ಪಾಲು ಅಷ್ಟರಲ್ಲಿ ಕಟ್ಟಿ ಮುಗಿದಿರುತ್ತದೆ.

ಕೋರಿಕೆ ಒಪ್ಪಿಗೆಯಾದರೆ ಹೊಸ ದರ, ಜಾರಿಯಾಗುವ ದಿನಾಂಕ ಮತ್ತು ಬಾಕಿ ಕಂತುಗಳ ಪೂರ್ತಿ ಪಟ್ಟಿಯನ್ನು ಕೇಳಿ ಪಡೆಯಿರಿ. ಮುಂದಿನ ತಿಂಗಳು ಖಾತೆಯಿಂದ ಕಡಿತವಾದ ಮೊತ್ತವನ್ನು ಆ ಪಟ್ಟಿಯೊಂದಿಗೆ ಹೋಲಿಸಿ. ಎರಡು ಮೂರು ತಿಂಗಳ ನಂತರ ಕ್ರೆಡಿಟ್ ವರದಿ ತರಿಸಿ, ಸಾಲದ ಮುಂದೆ ‘ರೀಸ್ಟ್ರಕ್ಚರ್ಡ್’ ಎಂದು ಬಿದ್ದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬಿದ್ದಿದ್ದರೆ ಪತ್ರದ ನಕಲು ಇಟ್ಟು ತಿದ್ದುಪಡಿ ಕೇಳಿ. ಲಿಖಿತ ಉತ್ತರ ಕೈಸೇರುವವರೆಗೆ ಹಳೆಯ ಕಂತನ್ನು ಹಳೆಯ ಮೊತ್ತದಲ್ಲೇ, ಅದೇ ದಿನಾಂಕಕ್ಕೆ ಕಟ್ಟುತ್ತಿರಿ. ಪತ್ರ ಪರಿಶೀಲನೆಯಲ್ಲಿರುವಾಗ ಒಂದು ಕಂತು ತಪ್ಪಿದರೂ ಕೋರಿಕೆ ಬಿದ್ದುಹೋಗುತ್ತದೆ.