ಕ್ಯಾಪ್ಸ್ ಲಾಕ್‌ಗೆ ಹೊಸ ಕೆಲಸ

1981ರ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ A ಕೀಲಿಯ ಎಡಕ್ಕಿದ್ದದ್ದು ಕಂಟ್ರೋಲ್. ಈಗ ಅಲ್ಲಿ ಕ್ಯಾಪ್ಸ್ ಲಾಕ್ ಇದೆ. ಕಾಪಿ, ಪೇಸ್ಟ್, ಸೇವ್ ಎಂದು ದಿನವಿಡೀ ಬೇಕಾಗುವ ಕಂಟ್ರೋಲ್ ಕೆಳಮೂಲೆಗೆ ಸರಿದು, ಕಿರುಬೆರಳು ಮಡಚಿಕೊಂಡೇ ದುಡಿಯುತ್ತದೆ. ಈ ವ್ಯವಸ್ಥೆ ನನಗಂತೂ ಸರಿಕಾಣುವುದಿಲ್ಲ.

ವಿಂಡೋಸ್‌ನಲ್ಲಿ ಇದನ್ನು ಬದಲಿಸಬಹುದು. ಮೈಕ್ರೋಸಾಫ್ಟ್‌ನ ಉಚಿತ ತಂತ್ರಾಂಶ ಪವರ್‌ಟಾಯ್ಸ್ ಹಾಕಿಕೊಳ್ಳಿ. ಮೊದಲು ಕ್ಯಾಪ್ಸ್ ಲಾಕ್ ಆಫ್ ಮಾಡಿ. ಆನ್ ಇರುವಾಗಲೇ ಬದಲಿಸಿದರೆ ಅಕ್ಷರಗಳೆಲ್ಲ ದೊಡ್ಡವಾಗಿಯೇ ಉಳಿದು, ಆಫ್ ಮಾಡಲು ಕೀಲಿಯೇ ಇರುವುದಿಲ್ಲ. ಬಳಿಕ Keyboard Manager ತೆರೆದು, Remap a key ಒತ್ತಿ, ಎಡಗಡೆ Caps Lock, ಬಲಗಡೆ Ctrl (Left) ಆರಿಸಿ ಉಳಿಸಿ. ಯಾವುದಾದರೂ ಪಠ್ಯದಲ್ಲಿ ಕ್ಯಾಪ್ಸ್ ಲಾಕ್ ಹಿಡಿದು A ಒತ್ತಿ. ಪಠ್ಯವೆಲ್ಲ ಆಯ್ಕೆಯಾದರೆ ಬದಲಾವಣೆ ಆಗಿದೆ.

ಪವರ್‌ಟಾಯ್ಸ್ ಓಡುತ್ತಿರುವಾಗ ಮಾತ್ರ ಇದು ನಡೆಯುತ್ತದೆ. ಹಾಗಾಗಿ ಲಾಗಿನ್ ಪರದೆಯಲ್ಲಿ ಕ್ಯಾಪ್ಸ್ ಲಾಕ್ ಹಳೆಯ ಚಾಳಿಯನ್ನೇ ತೋರಿಸುತ್ತದೆ, ಪಾಸ್‌ವರ್ಡ್ ತಪ್ಪಾಗಬಹುದು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಿಟಕಿಗಳಲ್ಲೂ ಇದೇ ಕತೆ. ಅಲ್ಲಿ ಬೇಕಿದ್ದರೆ ಪವರ್‌ಟಾಯ್ಸ್ ಅನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ಓಡಿಸಬೇಕು. ಲ್ಯಾಪ್‌ಟಾಪ್‌ನ Fn ಕೀಲಿಯನ್ನು ಹೀಗೆ ಬದಲಿಸುವ ಪ್ರಯತ್ನ ಬೇಡ, ಸಾಮಾನ್ಯವಾಗಿ ಅದರ ಒತ್ತು ವಿಂಡೋಸ್‌ವರೆಗೆ ತಲುಪುವುದೇ ಇಲ್ಲ.